ಆರು ವರ್ಷದ ಮೇಲೊಂದು "ಹೇಗಿದ್ದೀಯಾ?"

ಮೂರ್ನಾಡಿನ ನರ್ಸರಿಯಲ್ಲಿ ಮೆಣಸಿನ ಬಳ್ಳಿಯ ತುಂಡುಗಳನ್ನು ಚೀಲದ ಮಣ್ಣಿಗೆ ಊರುತ್ತಿದ್ದಾಗ ಫೋನು ಸದ್ದು ಮಾಡಿತು. ಪರದೆಯ ಮೇಲೆ ಹೆಸರಿರಲಿಲ್ಲ. ಆದರೆ ಆ ನಂಬರು ನನಗೆ ಬಾಯಿಪಾಠ.

"ಹೇಗಿದ್ದೀಯಾ? ನಿನ್ನೆ ದುಬಾರೆಗೆ ಬಂದಿದ್ದೆ. ನಿನ್ನ ನೆನಪಾಯ್ತು." ಕೊನೆಗೊಂದು ನಗುವ ಮುಖ.

ಡಿವೋರ್ಸ್ ಆಗಿ ಆರು ವರ್ಷವಾಗಿತ್ತು. ಅಷ್ಟು ದಿನಕ್ಕೆ ಅವನಿಂದ ಬಂದ ಮೊದಲ ಮಾತು ಅದು. ಓದುವಾಗ ಅವನ ದನಿಯೇ ಕಿವಿಯಲ್ಲಿ ಕೇಳಿತು. ಆಮೇಲೆ ಕೆಲಸದ ನಡುವೆ ಹಿಂದೆ ಯಾರೋ ನಿಂತಂತಾಗಿ ಎರಡು ಸಲ ತಿರುಗಿ ನೋಡಿದೆ.

ಜೊತೆಗೆ ಕೆಲಸ ಮಾಡುವ ಅಕ್ಕನಿಗೆ ತೋರಿಸಿದೆ.

"ಎಂತದೋ ಬೇಕಾಗಿರ್ತದೆ ಮಾರಾಯ್ತಿ ಅವನಿಗೆ. ನಾಳೆ ನೋಡು, ಇನ್ನೊಂದು ಬರ್ತದೆ."

ನನಗೆ ಹಾಗನ್ನಿಸಲಿಲ್ಲ. ಕೋರ್ಟಿನ ಕಾಗದವೆಲ್ಲ ಮುಗಿದಿತ್ತು. ಬೇಕಾದದ್ದನ್ನು ನೇರವಾಗಿ ಕೇಳುವುದು ಅವನ ಅಭ್ಯಾಸ, ನಗುವ ಮುಖ ಮುಂದೆ ಕಳಿಸುವವನಲ್ಲ. ಹಾಗಾದರೆ ಬರಿಯ ನೆನಪೇ? ಮದುವೆಯಾದ ಹೊಸತರಲ್ಲಿ ದುಬಾರೆಯಲ್ಲಿ ದೋಣಿಗೆ ಕಾಯುತ್ತಾ ಅರ್ಧ ದಿನ ಕೂತಿದ್ದೆವು, ನೆನಪಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ಹೊಳೆಯ ದಡದಿಂದಲೇ ಕಳಿಸಬಹುದಿತ್ತಲ್ಲ, ಒಂದು ದಿನ ಯಾಕೆ ಕಾದ? ಯೋಚಿಸಿ ಕಳಿಸಿದ್ದಾನೆ. ಒಂಟಿತನವಾಗಿದ್ದರೆ ಎಲ್ಲಿದ್ದೀಯಾ, ಯಾರಿದ್ದಾರೆ ಎಂದು ಕೇಳುತ್ತಿದ್ದ. ಉತ್ತರ ಬರದಿದ್ದರೂ ತನಗೆ ಅವಮಾನವಾಗದಷ್ಟು ಹಗುರವಾಗಿ ಬರೆದಿದ್ದ.

ಪಶ್ಚಾತ್ತಾಪ? ಅದರ ಒಂದು ಅಕ್ಷರವೂ ಅಲ್ಲಿರಲಿಲ್ಲ. ಆದರೂ ಎರಡು ದಿನ ನಾನು ಹೆಚ್ಚು ಹೊತ್ತು ತಿರುವಿ ನೋಡಿದ್ದು ಅದನ್ನೇ. ಓದುತ್ತಿರುವುದು ಅವನ ಮಾತನ್ನಲ್ಲ, ನನ್ನ ಆಸೆಯನ್ನು ಎಂದು ತಿಳಿದಾಗ ಭಯವಾಯಿತು.

ಅಕ್ಕ ಹೇಳಿದಳು: "ಎಷ್ಟೂಂತ ಯೋಚ್ನೆ ಮಾಡ್ತೀಯಾ? ಅವನನ್ನೇ ಕೇಳು."

"ಚೆನ್ನಾಗಿದ್ದೀನಿ. ಏನಾದ್ರೂ ವಿಷಯ ಇತ್ತಾ?" ಎಂದು ಬರೆದೆ. ಅದಕ್ಕಿಂತ ಒಂದು ಪದ ಹೆಚ್ಚು ಹಾಕಲಿಲ್ಲ.

"ಇಲ್ಲ, ಸುಮ್ನೆ" ಎಂದು ಬಂತು. ಬರೆಯುತ್ತಿದ್ದಾನೆ ಎಂದು ತೋರಿಸುವ ಗುರುತು ಮೂಡಿತು, ಮರೆಯಾಯಿತು, ಮತ್ತೆ ಮೂಡಿತು. ಕೊನೆಗೆ, "ನನ್ನ ಮೇಲೆ ಈಗ ಕೋಪ ಇಲ್ಲ ತಾನೇ?"

ಅವನಿಗೆ ಬೇಕಿದ್ದದ್ದು ನಾನಲ್ಲ, ನನ್ನ ಬಾಯಿಂದ ಒಂದು ಮಾತು. ಅದು ಈಗ ಯಾಕೆ ಬೇಕಾಯಿತು? ಹೊಸ ಮದುವೆಯೋ, ಕಾಯಿಲೆಯೋ, ವಯಸ್ಸೋ? ಕೇಳಬಹುದಿತ್ತು, ಕೇಳಲಿಲ್ಲ. "ಇಲ್ಲ" ಎಂದು ಬರೆದೆ. ಅದು ಅರ್ಧ ಮಾತ್ರ ನಿಜವಾಗಿತ್ತು.

ಹೆಬ್ಬೆರಳೆತ್ತಿದ ಒಂದು ಚಿತ್ರ ಬಂತು, ಅಷ್ಟೆ. ಮುಂದೆ ಅವನು ಏನೂ ಬರೆಯಲಿಲ್ಲ. ನಂಬರನ್ನು ಬ್ಲಾಕ್ ಮಾಡುವುದೂ ನನ್ನಿಂದಾಗಲಿಲ್ಲ. ಈಗಲೂ ಒಮ್ಮೊಮ್ಮೆ ಫೋನಿನಲ್ಲಿ ಅವನ ಮೆಸೇಜು ತೆರೆದು, ಬರೆಯುತ್ತಿದ್ದಾನೆ ಎನ್ನುವ ಆ ಗುರುತು ಮತ್ತೆ ಮೂಡೀತೇ ಎಂದು ನೋಡುತ್ತೇನೆ.