ಬಲಕ್ಕ ನೋಡುವ ಬಾಣ

ಗೋಕಾಕದ ಬಸ್ ಸ್ಟ್ಯಾಂಡ್ ಬಾಜೂಕ ನಂದೊಂದು ಕಂಪ್ಯೂಟರ್ ಕ್ಲಾಸ್ ಇತ್ತು. ನಾಕು ಮಶೀನು, ಒಂದು ಫ್ಯಾನು, ಮತ್ತ ನನ್ನ ಸೊಕ್ಕು. ಯಾರ ಕಂಪ್ಯೂಟರ್ ಕೆಟ್ಟರೂ ನನ್ನ ಕಡೆ ಇದ್ದ ಔಷಧ ಒಂದ: ಫಾರ್ಮ್ಯಾಟ್ ಹೊಡಿ. ಒಳಗಿಂದೆಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕು. ಕಲಿಸೋದೂ ಅಷ್ಟ ಸಲೀಸು. "ಸ್ಟಾರ್ಟ್ ಕೆಳಗ ಎಡಕ್ಕ, ಹಿಂದಕ್ಕ ಹೋಗೋ ಬಾಣ ಮ್ಯಾಲ ಎಡಕ್ಕ, ಮುಚ್ಚೋ ಗುರುತು ಮ್ಯಾಲ ಬಲಕ್ಕ. ಕಣ್ಣು ಮುಚ್ಕೊಂಡು ಒತ್ತಬೇಕು, ನೋಡ್ರಿ!" ಅಂತಿದ್ದೆ.

ಒಂದಿನ ಮುಂಜಾನೆ ಫಾಲ್ಸ್ ಕಡೆಯಿಂದ ನನ್ನ ಹಳೇ ವಿದ್ಯಾರ್ಥಿನಿ ಬಂದಳು. ಉರ್ದು ಸಾಲಿಯೊಳಗ ಕಲತಾಕಿ. ಚೀಲದಾಗ ಒಂದು ಲ್ಯಾಪ್‌ಟಾಪ್. ಆಕಿ ಗಂಡ ಗಲ್ಫ್‌ನಾಗ ಡ್ರೈವರ್, ಮೂರು ತಿಂಗಳಾತು ಫೋನಿಲ್ಲ. ಹಿಂದಿನ ದಿನ ಸಂಜಿಗೆ ಅವನ ಜೋಡಿ ದುಡಿಯೋ ಬೆಲ್ಲದ ಬಾಗೇವಾಡಿ ಊರಿನವ ಒಬ್ಬ ಬಂದು ಗಂಡನ ಈ ಲ್ಯಾಪ್‌ಟಾಪ್ ಕೊಟ್ಟನಂತ. ಕೂಡಲಿಲ್ಲ, ಚಹಾ ಕುಡೀಲಿಲ್ಲ.

"ಮಗಳ ಹೆಸರಿಲೆ ಇದರಾಗ ಏನೋ ಬರದಿಟ್ಟಾನ. ತಮ್ಮ ಹೊಂಡೂದರಾಗ ಓದ್ರಿ. ನಾ ತಿರುಗಿ ಅಲ್ಲೇ ಹೋಗಬೇಕು, ನನ್ನ ಏನೂ ಕೇಳಬ್ಯಾಡ್ರಿ" ಅಂದು ಮಾರಿ ತಿರುವಿ ಹೋಗಿದ್ದ.

ತಮ್ಮ ಅಂದ್ರ ಆಕಿ ಮೈದುನ. ಅಣ್ಣನ್ನ ಗಲ್ಫ್‌ಗೆ ಕಳಿಸಿದ ಅದ ಏಜೆಂಟನ ಮೂಲಕ, ಅದ ಮಾಲಕನ ಕಡೆ ಹೊಂಟಿದ್ದ. ಅವತ್ತ ಸಂಜಿ ಐದಕ್ಕ ಮುಂಬೈ ಬಸ್ಸು.

ಲ್ಯಾಪ್‌ಟಾಪ್ ಹಚ್ಚಿದೆ. ಎಲ್ಲಾ ಅರಬ್ಬಿ ಅಕ್ಷರ. ನನ್ನ ಕೈ ರೂಢಿಯಂತ ಕೆಳಗ ಎಡಕ್ಕ ಹೋತು, ಅಲ್ಲಿ ಗಡಿಯಾರ ಕುಂತಿತ್ತು. ಹೆಂಗೋ ಒಂದು ಕಿಟಕಿ ತಗದೆ. ದಾರಿ ತಪ್ಪಿ ಯಾವುದೋ ಫೋಲ್ಡರಿನೊಳಗ ಹೊಕ್ಕೆ. ಹಿಂದಕ್ಕ ಬರಾಕ ಎಡಕ್ಕ ನೋಡೋ ಬಾಣ ಒತ್ತಿದೆ. ಅದು ಮಬ್ಬಾಗಿತ್ತು, ಅಲುಗಲಿಲ್ಲ. ಮ್ಯಾಲ ಎಡಕ್ಕ ಬೆರಳಾಡಿಸಿದೆ, ಕಿಟಕಿನ ಮುಚ್ಚಿತು. ಹಿಂಗ ಸಂಜಿ ನಾಕರ ತನಕ ಒದ್ದಾಡಿದೆ. ಗೊತ್ತಾಗಲಿಲ್ಲ ಅನ್ನಾಕ ನನಗ ನಾಚಿಕಿ.

"ವೈರಸ್ ಹೊಕ್ಕೈತಿ ತಂಗಿ. ಫಾರ್ಮ್ಯಾಟ್ ಹೊಡೀತೇನಿ, ಇಂಗ್ಲಿಷ್ ಹಾಕ್ತೇನಿ" ಅಂದೆ. ಸಿಡಿ ಒಳಗ ತಳ್ಳಿದೆ.

"ಅವರು ಬರದದ್ದು ಉಳಿತೈತೇನ್ರಿ?"

ನಾ ಸಿಡಿ ಹೊರಗ ತಗದೆ. ಉಳಿಯೂದಿಲ್ಲ ಅನ್ನೋದು ನನಗ ಅಲ್ಲೀತನಕ ತಲಿಗೇ ಬಂದಿರಲಿಲ್ಲ, ಸುಳ್ಳ್ಯಾಕ ಹೇಳ್ಲಿ.

ಆಕಿ ಮಶೀನು ತನ್ನ ಕಡೆ ಎಳಕೊಂಡಳು. "ತಡೀರಿ ಅಕ್ಕಾರ. ನಮ್ಮ ಉರ್ದು ಪುಸ್ತಕ ಬಲಗಡೆಯಿಂದ ಸುರುವಾಕ್ಕೈತ್ರಿ. ಮುಂದಿನ ಹಾಳಿ ಎಡಕ್ಕ, ಹಿಂದಿಂದು ಬಲಕ್ಕ. ಇದೂ ಹಂಗ ಇರಬೇಕು."

ಸ್ಟಾರ್ಟ್ ಕೆಳಗ ಬಲ ಮೂಲ್ಯಾಗ ಸಿಕ್ತು. ಕಿಟಕಿಯೊಳಗ ಮೆನು ಸಾಲು ಬಲ ತುದಿಯಿಂದ ಸುರುವಾಗಿತ್ತು. ಅದರ ಕೆಳಗ ಬಲ ತುದಿಗೆ, ಬಲಕ್ಕ ಮಾರಿ ಮಾಡಿದ ಬಾಣ. ಅದನ್ನ ಒತ್ತಿದಳು, ಹಿಂದಕ್ಕ ಬಂದ್ವಿ. ಎಡಕ್ಕ ನೋಡೋದು ಮುಂದಕ್ಕ ಹೋಗೋ ಬಾಣ. ಒಮ್ಮಿನೂ ಹಿಂದಕ್ಕ ಬರಲಾರದ ಮುಂದಕ್ಕ ಹೆಂಗ ಹೋದೀತು, ಅದಕ್ಕ ಅದು ಮಬ್ಬಾಗಿತ್ತು. ಥೂ ನನ್ನ ಜಾಣತನಕ್ಕಿಷ್ಟು!

ಬಾಣದ ಸಾಲಿನಾಗ ಭೂತಗನ್ನಡಿ ಇತ್ತು. ಹುಡುಕೋ ಗುರುತು ಅದ, ಯಾವ ಭಾಷಾದಾಗ ಇದ್ರೂ ಅದ. ಒತ್ತಿದ್ರ ಪಟ್ಟಿ ಬಲಕ್ಕ ತಗೀತು. ಎಡ ಬಲ ಅದಲು ಬದಲಾದ್ರೂ ಮ್ಯಾಲಿಂದ ಕೆಳಗಿನ ಸಾಲು ಹಂಗ ಇತ್ತು. ಎಲ್ಲಾ ಫೈಲು ಹುಡುಕೋದು ಮೂರನೇದು, ಹೆಸರಿನ ಡಬ್ಬಿ ಮೊದಲನೇದು, ಅಷ್ಟು ನನಗ ಬಾಯಿಪಾಠ. ಆಲ್ಟ್ ಮತ್ತ ಶಿಫ್ಟ್ ಕೂಡಿಸಿ ಒತ್ತಿ ಇಂಗ್ಲಿಷ್ ಅಕ್ಷರಕ್ಕ ಬದಲಿಸಿದೆ. ಆಕಿ ಮಗಳ ಹೆಸರು ಹೊಡೆದಳು, ಒಂದೊಂದ ಅಕ್ಷರ.

ಸಿಕ್ಕಿತು. ಇಂಗ್ಲಿಷ್ ಅಕ್ಷರದಾಗ ಬರದ ಕನ್ನಡ: "ತಮ್ಮನ್ನ ಕಳಸಬ್ಯಾಡ. ಪಾಸ್‌ಪೋರ್ಟ್ ಕಸಗೊಂಡಾರ. ಫೋನ್ ಕಸಗೊಂಡಾರ. ಬ್ಯಾನಿ ಬಂದವರನ್ನ ಎಲ್ಲಿಗೋ ಒಯ್ತಾರ, ಅವರು ತಿರುಗಿ ಬರೂದಿಲ್ಲ. ನನಗ ಹತ್ತು ದಿನದಿಂದ ಜ್ವರ."

ಐದಕ್ಕ ಹತ್ತು ನಿಮಿಷ ಕಮ್ಮಿ. ಇಬ್ಬರೂ ಬರಿಗಾಲಿಲೆ ಓಡಿದ್ವಿ. ಬಸ್ಸು ಗುರುಗುಡತಿತ್ತು. ಆಕಿ ಕಿಟಕಿಯೊಳಗ ಕೈ ಹಾಕಿ ಮೈದುನನ ಅಂಗಿ ಹಿಡಿದಳು. "ಇಳಿ! ಇಳಿಯೋ ಮೊದಲ!" ಅಂತ ಚೀರಿದಳು. ಅವ ಇಳಿದ. ಬಸ್ಸು ಹೋತು.

ಆಮ್ಯಾಲ ಎಷ್ಟೋ ಕಚೇರಿಗೆ ಅರ್ಜಿ ಬರಕೊಟ್ಟೆ. ಗಂಡನ ಸುದ್ದಿ ಬರಲಿಲ್ಲ. ಬೆಲ್ಲದ ಬಾಗೇವಾಡಿಯವನೂ ಮತ್ತ ಸಿಗಲಿಲ್ಲ. ಆಕಿ ಆಗಾಗ ಬಂದು ಆ ಪತ್ರ ತಗದು ಕೂಡತಿದ್ದಳು. ಈಗ ಆಕಿ ಬೆರಳು ಬಲಕ್ಕ ತಾವ ಹೋಗತಿದ್ದುವು.

ವರ್ಷದ ಮ್ಯಾಲ ಒಂದಿನ ಅಂದೆ, "ಪತ್ರ ಬ್ಯಾರೆ ಕಡೆ ತಗದಿಟ್ಟು ಇಂಗ್ಲಿಷ್ ಹಾಕಿ ಕೊಡ್ಲೇನು? ನಿನಗ ಸಲೀಸಾಕ್ಕೈತಿ."

ಆಕಿ ಲ್ಯಾಪ್‌ಟಾಪ್ ಮುಚ್ಚಿ ಎದಿಗೆ ಅವಚಿಕೊಂಡಳು.

"ಬ್ಯಾಡ್ರಿ ಅಕ್ಕಾರ. ಅವರಿಗೆ ಹಿಂಗ ರೂಢಿ ಐತಿ. ಬಂದ ಮ್ಯಾಲ ಹುಡುಕ್ಯಾಡಬಾರದು."