ಮಾಲಕರ ಹೆಬ್ಬೆಟ್ಟು

ದಾಂಡೇಲಿಯ ಮಾರ್ಕೆಟ್ಟಿನಲ್ಲಿ ತಸ್ಲೀಮಳಂತೆ ಹಗೆ ಇಟ್ಟುಕೊಳ್ಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ನಾನೂ ಅಷ್ಟೇನೂ ಒಳ್ಳೆಯವಳಲ್ಲ. ಪೀರಸಾಬರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒತ್ತಿಕೊಂಡೇ ನನ್ನ ಜೆರಾಕ್ಸ್ ಅಂಗಡಿ ಇದೆ, ಹಾಗಾಗಿ ನಡೆದದ್ದರಲ್ಲಿ ಕೆಲವನ್ನು ಅವಳ ಬಾಯಿಂದ ಕೇಳಿದ್ದೇನೆ, ಉಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ತಸ್ಲೀಮ ರಿಪೇರಿಯವಳಾಗಿ ಹುಟ್ಟಿದವಳಲ್ಲ. ಅವಳಪ್ಪ ಪೇಪರ್ ಮಿಲ್ಲಿನಲ್ಲಿದ್ದವರು. ಅವಳು ಎಂಟು ವರ್ಷ ಜ್ಯೋತಿಬಾ ಮಾಲಕರ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದಳು. ಪರದೆಯ ಮೇಲೆ ಕಂಡ ಬಣ್ಣವೇ ಫ್ಲೆಕ್ಸಿನಲ್ಲೂ ಬರಲಿ ಎಂದು ಮಾನಿಟರಿನ ಕೆಂಪು, ಹಸಿರು, ನೀಲಿಯನ್ನು ಒಂದೊಂದು ಅಂಕಿಯಂತೆ ಏರಿಸಿ ಇಳಿಸಿ, ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟು ನೋಡಿ, ವಾರಗಟ್ಟಲೆ ಕೂತು ಹೊಂದಿಸಿದ್ದಳು. ಹಳಿಯಾಳ, ಜೋಯಿಡಾ ಕಡೆಯಿಂದಲೂ ಮದುವೆಯವರು ಬಂದು, ನಮ್ಮ ಫೋಟೋದ ಬಣ್ಣ ಹೊಂದಿಸಲು ತಸ್ಲೀಮಳೇ ಕೂರಬೇಕು ಎನ್ನುತ್ತಿದ್ದರು.

ಹೋದ ವರ್ಷ ಖಂಡೇ ನವಮಿಯ ಆಯುಧಪೂಜೆಯಲ್ಲಿ ಕೇಡು ಶುರುವಾಯಿತು. ಮಾಲಕರು ಒದ್ದೆ ಬಟ್ಟೆಯಿಂದ ಎಲ್ಲ ಮಷೀನುಗಳನ್ನೂ ತಾವೇ ತಿಕ್ಕಿ ಒರೆಸಿದರು. ಚಾಲೂ ಇದ್ದ ಮಾನಿಟರನ್ನೂ ಬಿಡಲಿಲ್ಲ. ಪ್ರತಿ ವರ್ಷ ಗಾಜಿನ ಮೇಲೆ ಕುಂಕುಮ ಹಚ್ಚುತ್ತಿದ್ದರು, ಅದನ್ನು ತಿಕ್ಕಿ ತೆಗೆಯುವುದು ತಸ್ಲೀಮಳ ಪಾಲಿಗೆ ಬರುತ್ತಿತ್ತು. ಈ ಸಲ ಅವಳೇ, "ಗಾಜಿಗೆ ಬ್ಯಾಡ್ರಿ ಮಾಲಕ್ರ, ಕೆಳಗ ಹಚ್ರಿ" ಅಂದಳು. ಅವರು ಕೆಳಗಿನ ಮೂಲೆಯಲ್ಲಿ ಹೆಬ್ಬೆಟ್ಟು ಒತ್ತಿ, ಕಣ್ಣು ಮುಚ್ಚಿ, ಗಣಪತಿ ಶ್ಲೋಕ ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಬೆರಳು ತೆಗೆದರು.

ಮರುದಿನದಿಂದ ಪರದೆಯಲ್ಲಿ ಮುಖಗಳೆಲ್ಲ ನೀಲಿಗಟ್ಟಿದವು. ಸರಿಮಾಡೋಣವೆಂದು ತಸ್ಲೀಮ ಮಾನಿಟರಿನ ಗುಂಡಿ ಒತ್ತಿದರೆ ಮೆನು ಬರಲಿಲ್ಲ, ಬೀಗದ ಗುರುತೊಂದು ಬಂದು ಮಾಯವಾಯಿತು. ಸ್ವಿಚ್ ತೆಗೆದು ಹಾಕಿದರೂ, ವಾಯರ್ ಕಿತ್ತು ಒಂದು ತಾಸು ಬಿಟ್ಟು ಚುಚ್ಚಿದರೂ ಬೀಗ ಹಾಗೇ ಇತ್ತು. ರಿಪೇರಿಯವರಿಗೆ ತೋರಿಸೋಣ ಅಂದಳು. ಮಾಲಕರು, ಸೀಸನ್ ಮುಗಿಯಲಿ ಅಂದರು. ನೀಲಿ ಕಂಡಲ್ಲಿ ಅವಳು ಅಂದಾಜಿನ ಮೇಲೆ ಕೆಂಪು, ಹಳದಿ ಕೂಡಿಸಿದಳು. ಪರದೆಯಲ್ಲಿ ಚೆನ್ನಾಗಿ ಕಂಡ ಮುಖ ಫ್ಲೆಕ್ಸಿನಲ್ಲಿ ಮೆಣಸಿನಕಾಯಿಯಾಗಿ ಬಂತು.

ಹಳಿಯಾಳದ ಮದುವೆಯವರೊಬ್ಬರು ಅಂಥ ಬ್ಯಾನರ್ ತಂದು ಕೌಂಟರಿನ ಮೇಲೆ ಹರವಿದರು. ತಸ್ಲೀಮ ಮತ್ತೆ ಮಾನಿಟರಿನ ಮಾತೆತ್ತಿದಳು. ಮಾಲಕರು ಗಿರಾಕಿಗಳ ಎದುರಿಗೇ, "ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದಳಂತ. ಈಕಿ ಕಣ್ಣ ಹೋಗ್ಯಾವ" ಅಂದರು. ಆ ಸಂಜೆಯೇ ಅವಳನ್ನು ಕೆಲಸದಿಂದ ಬಿಡಿಸಿದರು. ಕಣ್ಣು ಹೋದವಳು ಎಂಬ ಮಾತು ಅವಳಿಗಿಂತ ಮೊದಲೇ ಊರು ಸುತ್ತಿತು. ದಾಂಡೇಲಿಯಿಂದ ಮುಂಡಗೋಡದವರೆಗೆ ಯಾವ ಸ್ಟುಡಿಯೋದವರೂ ಅವಳನ್ನು ಒಳಗೆ ಕೂರಿಸಲಿಲ್ಲ. ಡಿಸೈನರಿಗೆ ಕಣ್ಣೇ ಕಸುಬು, ಆ ಹೆಸರು ಹೋದರೆ ಉಳಿಯುವುದೇನು?

ಪೀರಸಾಬರು ಅವಳಿಗೆ ದೂರದ ಚಾಚಾ. ಕರೆದು ತಮ್ಮ ರಿಪೇರಿ ಬೆಂಚಿನ ಮುಂದೆ ಕೂರಿಸಿದರು. ಎರಡೇ ತಿಂಗಳಲ್ಲಿ ಅವಳು ಆ ಮಾನಿಟರಿನ ಮಾಡೆಲ್ ನಂಬರ್ ನೆನಪಿಟ್ಟುಕೊಂಡು ಕಂಪನಿಯ ಪುಸ್ತಕ ಹುಡುಕಿ ಓದಿದಳು. ಮೆನು ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಬೀಗ ಬೀಳುತ್ತದೆ, ಹಾಗೆಯೇ ಇನ್ನೊಮ್ಮೆ ಹಿಡಿದರೆ ತೆರೆಯುತ್ತದೆ ಎಂದು ಅದರಲ್ಲಿತ್ತು. ಆ ಪುಟವನ್ನು ನನ್ನ ಹತ್ತಿರವೇ ಜೆರಾಕ್ಸ್ ಮಾಡಿಸಿದಳು.

"ಮಾಲಕರಿಗೆ ಹೋಗಿ ಹೇಳಿ ಬಾರವ್ವಾ" ಅಂದೆ.

"ಅವರ ಬರ್ತಾರ ಅಕ್ಕಾ. ಬರಲಿ."

ಅಲ್ಲಿಂದ ಮೂರು ತಿಂಗಳು ಕಾದಳು. ಮಾಲಕರ ಸೋದರಳಿಯ ಸಾಗರ ಅವಳ ಕುರ್ಚಿಯಲ್ಲಿ ಕೂತು ಊರಿನ ವಧುವರರನ್ನೆಲ್ಲ ಕೆಂಪಗೆ ಹುರಿದ. ಅಂಥ ಬ್ಯಾನರ್ ಕಟ್ಟಿದಾಗಲೆಲ್ಲ ತಸ್ಲೀಮ ಹೋಗಿ ನೋಡಿ ಬರುತ್ತಿದ್ದಳು, ಬಂದ ದಿನ ಬಿಸಿ ಬಿಸಿ ಮಿರ್ಚಿ ಭಜಿ ತರಿಸುತ್ತಿದ್ದಳು. ನಾನೂ ತಿಂದಿದ್ದೇನೆ.

ಮೇ ತಿಂಗಳ ಒಂದು ಶುಕ್ರವಾರ ಮಾಲಕರೇ ಮಾನಿಟರನ್ನು ಎದೆಗವಚಿಕೊಂಡು ಬಂದರು. ಸೋಮವಾರ ಅವರ ಮಗಳು ಪೂರ್ಣಿಮಾಳ ಮದುವೆ. ಸಾಗರ ತೆಗೆದ ಬ್ಯಾನರಿನಲ್ಲಿ ಮದುಮಗಳ ಮುಖ ಕಾದು ಕೆಂಪಾದ ತವೆಯಾಗಿತ್ತು.

"ಪೀರಸಾಬರು ಎಲ್ಲಿ?" ಅಂದರು.

"ಜುಮ್ಮಾ ನಮಾಜಿಗೆ ಹೋಗ್ಯಾರ್ರಿ. ಇಡ್ರಿ ಇಲ್ಲೆ."

ತಸ್ಲೀಮಳನ್ನು ಕಂಡು ಅವರ ಮುಖ ಸಣ್ಣದಾಯಿತು. ಆದರೂ ಇಟ್ಟರು. ಬೆಂಚಿನ ಸುತ್ತ ಮೂರ್ನಾಲ್ಕು ಗಿರಾಕಿಗಳಿದ್ದರು, ನಾನು ಅಂಗಡಿ ಬಿಟ್ಟು ಬಂದು ನಿಂತೆ. ಪ್ಯಾನಲ್ ಸುಟ್ಟಿದೆ, ಕಸಕ್ಕೆ ಹಾಕಿ ಎಂದು ಅವಳು ಸುಳ್ಳು ಹೇಳಲಿ ಎಂದು ನನ್ನ ಮನಸ್ಸು ಬಯಸಿತು. ಅವಳು ಹೇಳಲಿಲ್ಲ. ಬೆಂಚಿನ ಕಂಪ್ಯೂಟರಿಗೆ ಜೋಡಿಸಿ ಚಾಲೂ ಮಾಡಿದಳು.

"ಮಾಲಕ್ರ, ನವಮಿ ದಿನ ಕುಂಕುಮ ಎಲ್ಲೆ ಹಚ್ಚಿದ್ರಿ, ಅಲ್ಲೇ ಹೆಬ್ಬೆಟ್ಟಿಡ್ರಿ."

"ಯಾಕ?"

"ಇಡ್ರಿ. ಒತ್ತಿ ಹಿಡಿದು ಶ್ಲೋಕ ಹೇಳ್ರಿ. ಮುಗಿಯೂತನಕ ಬೆರಳ ತೆಗೀಬ್ಯಾಡ್ರಿ."

ಆ ಮೂಲೆಯ ಮೆನು ಗುಂಡಿಯ ಸಂದಿಯಲ್ಲಿ ಇನ್ನೂ ಕುಂಕುಮದ ಕೆಂಪಿತ್ತು. ಮಾಲಕರು ಅತ್ತಿತ್ತ ನೋಡಿ, ಒತ್ತಿ, ಮೆಲ್ಲನೆ ಶ್ಲೋಕ ಹೇಳತೊಡಗಿದರು. ಅದು ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬೀಗ ತೆರೆದ ಗುರುತು ಬಂತು. ಮಾಲಕರು ತಮ್ಮ ಹೆಬ್ಬೆಟ್ಟನ್ನೇ ನೋಡಿಕೊಂಡರು.

"ಬೀಗ ಹಾಕಿದ್ದೂ ಹಿಂಗ" ಅಂದಳು ತಸ್ಲೀಮ. "ಅದಕ್ಕಿಂತ ಮೊದಲ ಒರಸೂ ಹೊತ್ತಿನ್ಯಾಗ ಗುಂಡಿ ಒತ್ತಿ ಬಣ್ಣ ಕೆಡಿಸಿದ್ರಿ. ನೆಲ ಖರೇನ ಡೊಂಕಿತ್ತು ಮಾಲಕ್ರ."

ಆಮೇಲೆ ಅವಳು ಅವಸರವಿಲ್ಲದೆ ಮೆನುವಿನ ಪುಟಪುಟವನ್ನೂ ತೆರೆದು ಮೊಬೈಲಿನಲ್ಲಿ ಫೋಟೋ ಹಿಡಿದಳು. ಬಣ್ಣದ ಜಾಗದಲ್ಲಿ ನೀಲಿ ಛಾಯೆಯ ಆಯ್ಕೆ ಇತ್ತು, ಬೆಳಕೂ ಕಾಂಟ್ರಾಸ್ಟೂ ತುದಿಗೇರಿದ್ದವು. ಸ್ವಂತ ಬಣ್ಣ ಎಂಬಲ್ಲಿಗೆ ಹೋದಾಗ ಅವಳು ಎಂಟು ವರ್ಷ ಕಾಪಾಡಿದ ಅಂಕಿಗಳು ಹಾಗೇ ಕೂತಿದ್ದವು. ಕೆಂಪು ತೊಂಬತ್ನಾಲ್ಕು, ಹಸಿರು ತೊಂಬತ್ತೊಂದು, ನೀಲಿ ಎಂಬತ್ತಾರು. ಅದನ್ನೂ ಹಿಡಿದಳು. ಸರಿಯಾಗಿ ಬಂದಿದೆಯೇ ಎಂದು ದೊಡ್ಡದು ಮಾಡಿ ನೋಡಿದಳು.

"ಫ್ಯಾಕ್ಟರಿ ರಿಸೆಟ್ ಮಾಡ್ತೇನಿ. ಕಂಪ್ಯೂಟರಿನ ಫೈಲ್ ಏನೂ ಹೋಗೂದಿಲ್ಲ. ಮಾನಿಟರಿನ ಸೆಟ್ಟಿಂಗ್ ಎಲ್ಲಾ ಅಳಸತೈತಿ, ಬಣ್ಣದ ಅಂಕಿನೂ ಹೋಗ್ತಾವ. ಮಾಡ್ಲ್ಯಾ?"

"ಮಾಡವ್ವ."

ಒಪ್ಪಿಗೆಯ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಮಾಲಕರು ವಾಯರಿಗೆ ಕೈಹಾಕಲು ಹೋದಾಗ, "ಈಗ ಕರೆಂಟ್ ತೆಗೀಬಾರದ್ರಿ" ಎಂದು ತಡೆದಳು. ಪರದೆ ತಾನಾಗಿಯೇ ಮರಳಿತು. ಕಂಪ್ಯೂಟರಿನ ವಾಯರ್ ಯಾವ ಕಿಂಡಿಯಲ್ಲಿದೆಯೋ ಅದನ್ನು ಆರಿಸಿದಳು, ಬೆಳಕನ್ನು ಹದಕ್ಕೆ ತಂದಳು. ಪರದೆಯ ನೀಲಿ ಹೋಗಿತ್ತು.

"ಇನ್ನ ನಿನ್ನ ಅಂಕಿ ಹಾಕು" ಅಂದರು ಮಾಲಕರು.

"ಅದು ಕಣ್ಣ ಇದ್ದಾವ್ರ ಕೆಲಸ್ರಿ."

ಅವರು ಬೇಡಿದರು. ಮತ್ತೆ ಕೆಲಸಕ್ಕೆ ಕರೆದರು, ಸಂಬಳ ಏರಿಸುತ್ತೇನೆ ಅಂದರು. ತಸ್ಲೀಮ ಮೊಬೈಲನ್ನು ಕಿಸೆಗಿಟ್ಟಳು. ಹೊಸದಾಗಿ ಅಂಕಿ ಹುಡುಕಲು ಸಾಗರನಿಗೆ ಎಷ್ಟು ವಾರ ಬೇಕೆಂದು ಇಬ್ಬರಿಗೂ ಗೊತ್ತಿತ್ತು, ಮದುವೆಗೆ ಉಳಿದದ್ದು ಮೂರು ದಿನ.

"ಒಂದು ಫ್ಲೆಕ್ಸ್ ಆಗಬೇಕ್ರಿ. ನಾನ ಡಿಸೈನ್ ಮಾಡ್ತೇನಿ, ನಿಮ್ಮ ಅಂಗಡಿ ಮುಂದ ಕಟ್ಟಬೇಕು. ಆಮ್ಯಾಲ ಪೂರ್ಣಿಮಾಂದು."

ಶನಿವಾರ ಅವಳು ಆ ಹಳೆಯ ಕುರ್ಚಿಯಲ್ಲಿ ಒಂದೇ ದಿನ ಕೂತಳು, ಅಂಕಿ ಹಾಕಿದಳು, ಎರಡೂ ಫ್ಲೆಕ್ಸ್ ತೆಗೆದಳು. ಪೂರ್ಣಿಮಾಳ ಮುಖ ಅವಳ ಮುಖದಂತೆಯೇ ಬಂತು. ಇನ್ನೊಂದರಲ್ಲಿ ಹತ್ತಡಿ ಅಗಲದಲ್ಲಿ ಮಾಲಕರ ಕೈಮುಗಿದ ಫೋಟೋ. ಕೆಳಗೆ ದಪ್ಪ ಅಕ್ಷರ: "ತಸ್ಲೀಮಳ ಕಣ್ಣು ಸರಿ ಇವೆ. ಮಾನಿಟರ್ ಕೆಡಿಸಿದ್ದು ನಾನು." ಮದುವೆಗೆ ಬಂದ ಬೀಗರೆಲ್ಲ ಅಂಗಡಿ ಮುಂದೆ ನಿಂತು ಓದಿದರು. ಅಂದು ಬ್ಯಾನರ್ ತಂದು ಹರವಿದ್ದ ಹಳಿಯಾಳದವರು ಫೋಟೋ ಕೂಡ ಹೊಡೆದುಕೊಂಡರು.

ಮಂಗಳವಾರ ಮಾಲಕರು ಮತ್ತೆ ಬಂದರು. ಅಂಗಡಿಯ ಹೊಸಿಲು ದಾಟಲಿಲ್ಲ.

"ಮದುವಿ ಆತು. ಇನ್ನ ಇಳಸಲೇನ ತಸ್ಲೀಮ?"

ತಸ್ಲೀಮ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತಲಿಲ್ಲ.

"ನಮ್ಮ ಫ್ಲೆಕ್ಸ್ ಎರಡ ಮಳಿಗಾಲ ತಡೀತೈತಿ ಅಂತ ಗಿರಾಕಿಗಳಿಗೆ ನೀವ ಹೇಳ್ತಿದ್ರಿ ಮಾಲಕ್ರ" ಅಂದಳು. "ನೋಡೂಣು."