ಎರಡು ಸೊನ್ನೆಗಳು

ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ದಾವಣಗೆರೆ ಮಂಡಿಪೇಟೆಯ ಒಂದು ದತ್ತಿ ಸಂಸ್ಥೆಗೆ ಹೋಗಿಬರುತ್ತೇನೆ. ಬಡವರ ಆಸ್ಪತ್ರೆ ಖರ್ಚಿಗೆ ನೆರವು ಕೊಡುವ ಸಂಸ್ಥೆ ಅದು. ಬ್ಯಾಂಕಿನಲ್ಲಿ ಚೆಕ್ಕು ನೋಡುತ್ತಲೇ ತಲೆ ಬೆಳ್ಳಗಾದವನು ಎಂದು ರಸೀದಿ ಪರೀಕ್ಷಿಸುವ ಕೆಲಸವನ್ನು ನನಗೆ ಅಂಟಿಸಿದ್ದಾರೆ. ಈಗ ಕಾಗದ ಕೈಗೆ ಬರುವುದಿಲ್ಲ, ಮೊಬೈಲಿನಿಂದ ಫೋಟೋ ಬರುತ್ತದೆ. ಕಾಗದವನ್ನು ಕಿಟಕಿಗೆ ಹಿಡಿದು ನೋಡಿ ರೂಢಿಯಾದವನಿಗೆ ಮೊದಮೊದಲು ಇದರಿಂದ ರೇಗಿಹೋಗುತ್ತಿತ್ತು.

ಒಂದೇ ರಸೀದಿಯಲ್ಲಿ ಎರಡು ಬಣ್ಣದ ಶಾಯಿ ಕಂಡ ಕೂಡಲೇ ಕಳ್ಳತನ ಎನ್ನುವ ಉತ್ಸಾಹಿಗಳು ನಮ್ಮ ಕಚೇರಿಯಲ್ಲೂ ಇದ್ದಾರೆ. ಒಬ್ಬ ಬರೆದದ್ದಕ್ಕೆ ಇನ್ನೊಬ್ಬ ತನ್ನ ಪೆನ್ನಿನಲ್ಲಿ ಸಹಿ ಹಾಕಿದರೂ ಹಾಗೆಯೇ ಕಾಣುತ್ತದೆ. ನಾನು ನೋಡುವುದು ಮೊತ್ತವನ್ನು. ಒಂದನ್ನು ಏಳು ಮಾಡಿದ್ದರೆ ಗೆರೆ ಒಂದು ಕಡೆ ದಪ್ಪಗಾಗಿರುತ್ತದೆ, ತಿದ್ದಿದ ಕಡೆ ಶಾಯಿ ಗಾಢವಾಗಿರುತ್ತದೆ. ಕಂಪ್ಯೂಟರಿನಲ್ಲಿ ಅಂಟಿಸಿದ್ದರೆ ಅಂಕಿಯ ಸುತ್ತ ಕಾಗದದ ಬಣ್ಣವೇ ಬೇರೆಯಾಗಿರುತ್ತದೆ.

ಕಳೆದ ವರ್ಷ ಹರಿಹರದ ಒಬ್ಬ ಹೆಣ್ಣುಮಗಳ ಅರ್ಜಿ ಬಂತು. ಗಂಡ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದವನು. ಕಾದ ಮರಳು ಬಲಗೈ ಮೇಲೆ ಬಿದ್ದು, ಸುಟ್ಟ ಗಾಯ ಮಾಯ್ದ ಮೇಲೆ ಬೆರಳುಗಳು ಅಂಗೈಗೆ ಮಡಚಿಕೊಂಡುಬಿಟ್ಟಿದ್ದವು. ಇನ್ನೊಂದು ಆಪರೇಷನ್ ಮಾಡಿದರೆ ಬಿಡಿಸಬಹುದು ಎಂದಿದ್ದರು ಡಾಕ್ಟರು. ಮೊದಲ ಆಪರೇಷನ್ನಿಗೆ ಕಟ್ಟಿದ ಹಣ ನಮ್ಮಿಂದ ಸಿಕ್ಕರೆ ಅದನ್ನೇ ಎರಡನೆಯದಕ್ಕೆ ಕಟ್ಟಬೇಕೆಂದು ಗಂಡ ಹೆಂಡತಿ ಕಾದಿದ್ದರು.

ಆಸ್ಪತ್ರೆಯ ಕೈಬರಹದ ರಸೀದಿ ಅದು. ಅಡಿಯಲ್ಲಿ ಕಾರ್ಬನ್ ಇಟ್ಟು ತೆಗೆದ ಪ್ರತಿ. ಹೆಸರು, ತಾರೀಖು ಎಲ್ಲವೂ ಮಂಕಾಗಿ, ಅಂಚು ಹರಡಿಕೊಂಡು ಕಾಣುತ್ತಿದ್ದರೆ ಮೊತ್ತ ಮಾತ್ರ ಕಡೆದಿಟ್ಟ ಹಾಗೆ ಸ್ಪಷ್ಟ. ಹಿಗ್ಗಿಸಿ ನೋಡಿದೆ. ಅಂಕಿಗಳ ಹಿಂದೆ ರಸೀದಿಯ ಅಚ್ಚುಗೆರೆ ತುಂಡಾಗಿತ್ತು. ಕೊನೆಯ ಎರಡು ಸೊನ್ನೆಗಳು ಚುಕ್ಕೆಗೆ ಚುಕ್ಕೆ ಒಂದೇ. ಯಾವ ಕೈಯೂ ಎರಡು ಸೊನ್ನೆಯನ್ನು ಹಾಗೆ ಬರೆಯಲಾರದು. ತಾರೀಖಿನಲ್ಲಿದ್ದ ಸೊನ್ನೆಯನ್ನೇ ಎತ್ತಿ, ಗಾಢ ಮಾಡಿ, ಎರಡು ಸಲ ಕೂರಿಸಿದ್ದರು. ಅನುಮಾನವೇ ಇರಲಿಲ್ಲ.

ಆದರೂ ಮನಸ್ಸು ತಡೆಯದೆ ಆಸ್ಪತ್ರೆಗೆ ಫೋನು ಮಾಡಿದೆ. ಅಲ್ಲಿನವರು ರಸೀದಿ ಪುಸ್ತಕ ತೆಗೆದು, ನಂಬರು ತಾಳೆ ಹಾಕಿ ಮೊತ್ತ ಓದಿದರು. ಅಂಟಿಸಿದ ಮೊತ್ತವೇ ಅದು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಗಂಡ ಹೆಂಡತಿ ಇಬ್ಬರನ್ನೂ ಕರೆಸಿದೆವು. ಆಕೆ ರಸೀದಿಯ ಕಾಗದವನ್ನೇ ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದರು. ಮಡಿಕೆ ಬಿದ್ದ ಜಾಗದಲ್ಲೇ ಮೊತ್ತ ಅಳಿಸಿಹೋಗಿತ್ತು, ಓದುವ ಹಾಗಿರಲಿಲ್ಲ. ಫೋಟೋವನ್ನು ಯಾಕೆ ಹೀಗೆ ಮಾಡಿಸಿದಿರಿ ಎಂದು ಕೇಳಿದೆ.

"ಮೊದ್ಲು ಇದ್ದಿದ್ದು ಇದ್ದಂಗೇ ಕಳಿಸಿದ್ದೆ ಸರ. ಫೋಟೋ ಕ್ಲಿಯರ್ ಇಲ್ಲ, ಕ್ಲಿಯರ್ ಆಗಿರೋದು ಕಳ್ಸಿ ಅಂತ ನಿಮ್ ಕಡೇಲಿಂದನೇ ಮೆಸೇಜ್ ಬಂತು. ಮೊಬೈಲ್ ಅಂಗಡ್ಯಾಗ ತೋರಿಸ್ದೆ. ಎಷ್ಟು ಕಟ್ಟಿದ್ರಿ ಅಂದ್ರು, ಹೇಳ್ದೆ, ಕ್ಲಿಯರ್ ಮಾಡಿ ಕೊಟ್ರು."

ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಇದು ಅದಲ್ಲ. ಹೇಳಿದ ಕೆಲಸ ಮಾಡಿದ್ದೇನೆ, ಇನ್ನೇನು ಎನ್ನುವ ಮುಖ.

ಸಂಸ್ಥೆಯ ಕಾರ್ಯದರ್ಶಿಗಳ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ಅವರು ಕೆಟ್ಟವರಲ್ಲ, ನಿಯಮದವರು. ಮೊತ್ತ ಸರಿಯೋ ತಪ್ಪೋ ಎಂಬುದು ಪ್ರಶ್ನೆಯಲ್ಲ, ದಾಖಲೆ ತಿದ್ದಲಾಗಿದೆಯೋ ಇಲ್ಲವೋ ಎಂಬುದು ಪ್ರಶ್ನೆ, ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಮೊಬೈಲ್ ಅಂಗಡಿಗೇ ಹೋಗುತ್ತಾರೆ ಎಂದರು. ತಿದ್ದಿದ ದಾಖಲೆ ಕೊಟ್ಟವರು ಮತ್ತೆ ಅರ್ಜಿ ಹಾಕುವ ಹಾಗೂ ಇಲ್ಲ. ನಮ್ಮ ಮೆಸೇಜಿನ ಮಾತೆತ್ತಿದೆ. ಅದು ತಾನಾಗಿಯೇ ಹೋಗುವ ಮೆಸೇಜು, ಯಾರೂ ಕೂತು ಬರೆದದ್ದಲ್ಲ ಎಂದರು. ವರದಿಯಲ್ಲಿ ನಾನು ತುಂಬಬೇಕಾದದ್ದು ಒಂದೇ ಅಂಕಣ: ತಿದ್ದಲಾಗಿದೆಯೇ? ಹೌದು ಎಂದು ಬರೆದೆ. ಇಲ್ಲ ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಅರ್ಜಿ ತಿರಸ್ಕರಿಸಿದ ಪತ್ರವನ್ನು ನಾನೇ ಕೊಡಬೇಕಾಯಿತು. ತಿದ್ದಿದ ದಾಖಲೆಯ ಕಾರಣದಿಂದ ಎಂದು ಅದರಲ್ಲಿ ಅಚ್ಚಾಗಿತ್ತು. ಆಕೆ ಓದಿ ಗಂಡನಿಗೆ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಆತ ಎಡಗೈಯಲ್ಲಿ ಪತ್ರ ಹಿಡಿದು ನನ್ನನ್ನೇ ನೋಡಿದ.

"ರೊಕ್ಕ ಹೋಗ್ಲಿ ಬಿಡ್ರಿ. ನಾವು ಸುಳ್ಳು ಲೆಕ್ಕ ಕೊಟ್ಟಿಲ್ಲ ಅಂತ ನಿಮಗ ಗೊತ್ತೈತಲ್ಲ ಸರ?"

ಗೊತ್ತಿದೆ ಎಂದೆ.

"ಹಂಗಂತ ಇದರ ಮ್ಯಾಲ ಒಂದು ಸಾಲು ಬರ್ದು ಕೊಡ್ರಿ. ಬ್ಯಾರೆ ಕಡೆ ಕೇಳಾಕ ಹೋದ್ರ ತೋರಿಸ್ತೀನಿ."

ನಾನು ಜೇಬಿನಿಂದ ಪೆನ್ನು ತೆಗೆದೆ, ತೆಗೆದದ್ದು ನಿಜ. ಆಮೇಲೆ, ಬರೆದರೆ ಅದು ಹೇಗೆ ಕಂಡೀತು ಎಂದು ಯೋಚಿಸಿದೆ: ಮುದ್ರೆ ಬಿದ್ದ ಪತ್ರ, ಕಾರ್ಯದರ್ಶಿಗಳ ಸಹಿ, ಅದರ ಕೆಳಗೆ ಬೇರೆ ಶಾಯಿಯಲ್ಲಿ ನನ್ನ ಒಂದು ಸಾಲು. ಬೇರೆ ಕಡೆ ನನ್ನ ಜಾಗದಲ್ಲಿ ಕೂತ ಉತ್ಸಾಹಿಯೊಬ್ಬ ಅದನ್ನು ನೋಡಿದ ಕೂಡಲೇ ಇವರು ಪತ್ರವನ್ನೂ ತಿದ್ದಿದ್ದಾರೆ ಎನ್ನುತ್ತಾನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೆಯಲು ಆಗುವುದಿಲ್ಲ ಎಂದು ಹೇಳಿದೆ. ಆತ ಪತ್ರವನ್ನು ಹೆಂಡತಿಯ ಕೈಗೆ ಕೊಟ್ಟ. ಇಬ್ಬರೂ ಹರಿಹರದ ಬಸ್ಸಿಗೆ ಹೊರಟರು.